ಒಂದು ಚಮಚ ಕುತ್ಯಾ

ಕಥೆ ಚಿಕ್ಕದು. ರಷ್ಯಾದ ಒಂದು ಹಳ್ಳಿ. ಚಳಿಗಾಲದಲ್ಲಿ ಮನೆಯ ಮುದುಕಿ ತೀರಿಕೊಂಡಿದ್ದಾಳೆ. ನಲವತ್ತನೇ ದಿನ ಮನೆಯವರು, ನೆರೆಯವರು ಮೇಜಿನ ಸುತ್ತ ಕೂತಿದ್ದಾರೆ. ಸೊಸೆ ಒಂದು ಬಟ್ಟಲು ತರುತ್ತಾಳೆ. ಅದು ಕೈಯಿಂದ ಕೈಗೆ ಹೋಗುತ್ತದೆ. ಒಬ್ಬೊಬ್ಬರೂ ಒಂದೊಂದು ಚಮಚ ತಿಂದು ಮುಂದಿನವರಿಗೆ ಕೊಡುತ್ತಾರೆ. ಮನೆಯ ಸಣ್ಣ ಹುಡುಗ ಮಾತ್ರ ಎರಡನೇ ಚಮಚಕ್ಕೆ ಕೈ ಹಾಕುತ್ತಾನೆ. ಸೊಸೆ ಅವನ ಕೈ ಹಿಡಿಯುತ್ತಾಳೆ. ಆಮೇಲೆ ಯಾಕೋ ಬಿಡುತ್ತಾಳೆ. ಹುಡುಗನಿಗೆ ಯಾವಾಗಲೂ ಎರಡನೇ ಸಲ ಬಡಿಸುತ್ತಿದ್ದವಳು ಅಜ್ಜಿ. ಅದಕ್ಕೇ ಅತ್ತೆ ಸೊಸೆಗೆ ದಿನಾ ಜಗಳ. ಕೈ ಬಿಟ್ಟ ಮೇಲೆ ಸೊಸೆ ಮೊದಲ ಸಲ ಅಳುತ್ತಾಳೆ.

ಇಷ್ಟೇ ಕಥೆ. ಆ ಬಟ್ಟಲಲ್ಲಿ ಇರುವುದು ಕುತ್ಯಾ. ಈ ಕುತ್ಯಾ ನನ್ನನ್ನು ಒಂದು ಬೇಸಿಗೆ ಪೂರ್ತಿ ಕಾಡಿತು.

ನಾನು ಕಲಬುರಗಿಯಲ್ಲಿ ಇಂಗ್ಲಿಷ್ ಮೇಷ್ಟ್ರಮ್ಮ. ಸಂಜೆ ಹೊತ್ತು ಅನುವಾದ ಮಾಡುತ್ತೇನೆ. ಸಣ್ಣ ಪ್ರಕಾಶಕರೊಬ್ಬರು ಹಳೆಯ ರಷ್ಯನ್ ಕಥೆಗಳ ಸಂಕಲನ ತರುವವರಿದ್ದರು. ನೂರು ವರ್ಷಕ್ಕೂ ಹಿಂದಿನ ಕಥೆಗಳು, ಹಕ್ಕಿನ ತಕರಾರು ಇಲ್ಲ. ನನಗೆ ಸಿಕ್ಕಿದ್ದು ಈ ಕಥೆ ಮತ್ತು ಇನ್ನೊಂದು. ಶರತ್ತು ಒಂದೇ ಇತ್ತು: ಓದುಗರು ಶಾಲಾ ಮಾಸ್ತರರು, ಕಾಲೇಜು ಹುಡುಗರು, ಮನೆಯಲ್ಲಿ ಓದುವ ಹಿರಿಯರು, ಅವರಿಗೆ ಎಲ್ಲೂ ಎಡವಬಾರದು.

ನನಗೆ ರಷ್ಯನ್ ಬರುವುದಿಲ್ಲ. ಎದುರಿಗಿದ್ದದ್ದು ಎರಡು ಇಂಗ್ಲಿಷ್ ಅನುವಾದ. ಒಂದು ಬಹಳ ಹಳೆಯದು, ಇನ್ನೊಂದು ಈಚಿನದು. ಹಳೆಯದರಲ್ಲಿ ಆ ಬಟ್ಟಲಲ್ಲಿ ಬರೀ ಬೇಯಿಸಿದ ಅಕ್ಕಿ ಇದೆ. ಹೊಸದರಲ್ಲಿ ಕುತ್ಯಾ ಇದೆ, ಜೊತೆಗೆ ಪುಸ್ತಕದ ಕೊನೆಯಲ್ಲಿ ಅರ್ಧ ಪುಟ ಟಿಪ್ಪಣಿ ಇದೆ. ಹಳೆಯ ಅನುವಾದಕರು ತಮ್ಮ ಓದುಗನಿಗೆ ಕಷ್ಟ ಆಗಬಾರದು ಅಂತ ಹೆಸರು ತೆಗೆದಿದ್ದಾರೆ. ಹೊಸಬರು ಹೆಸರು ಇಟ್ಟು ಪಾಠ ಮಾಡಿದ್ದಾರೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ನೆನಪಿಡಬೇಕಾದ ಮಾತು ಇದು: ನಮ್ಮ ಕೈಗೆ ಬರುವ ಹೊತ್ತಿಗೆ ಕಥೆಯನ್ನು ಒಬ್ಬರು ಆಗಲೇ ಎಲ್ಲಿಗೋ ಎಳೆದಿರುತ್ತಾರೆ. ಒಂದೇ ಅನುವಾದ ನೋಡಿದರೆ ಅದು ಗೊತ್ತಾಗುವುದೇ ಇಲ್ಲ. ಹಳೆಯದೊಂದನ್ನೇ ನಂಬಿದ್ದರೆ ನಾನು ಅನ್ನ ಅಂತ ಬರೆದು ಮುಂದೆ ಹೋಗುತ್ತಿದ್ದೆ.

ನಮ್ಮ ಕಾಕಾನ ಮಗಳು ರಷ್ಯಾದಲ್ಲಿ ಎಂಬಿಬಿಎಸ್ ಓದಿ ಬಂದವಳು. ಈ ಭಾಗದಿಂದ ಅಲ್ಲಿಗೆ ಡಾಕ್ಟರಿ ಓದಲು ಹೋದವರು ಓಣಿಗೊಬ್ಬರು ಸಿಗುತ್ತಾರೆ. ಅವಳ ರಷ್ಯನ್ ಆಸ್ಪತ್ರೆಯ ರಷ್ಯನ್. ಆದರೂ ಮೂಲ ಕಥೆ ಓದಿ, ಯಾವ ಸಾಲಿನಲ್ಲಿ ಏನಿದೆ ಅಂತ ಹೇಳುವಷ್ಟು ಬರುತ್ತದೆ. ಅವಳು ರಜೆಯಲ್ಲಿ ಗೆಳತಿಯ ಹಳ್ಳಿಗೂ ಹೋಗಿದ್ದಳಂತೆ. ಕುತ್ಯಾ ಏನು ಅಂತ ಅವಳೇ ಹೇಳಿದಳು. ಇಡೀ ಗೋಧಿ ಕಾಳನ್ನು ನೆನೆಸಿ, ಬೇಯಿಸಿ, ಜೇನು ಬೆರೆಸುತ್ತಾರೆ. ಗಸಗಸೆ, ಒಣದ್ರಾಕ್ಷಿ ಹಾಕುತ್ತಾರೆ. ಅಕ್ಕಿಯಲ್ಲೂ ಮಾಡುವುದುಂಟು. ಸತ್ತವರ ನೆನಪಿನ ಊಟ ಶುರುವಾಗುವುದೇ ಅದರಿಂದ. ಮಣ್ಣಿಗೆ ಬಿದ್ದ ಕಾಳು ಮತ್ತೆ ಮೊಳೆಯುತ್ತದೆ ಅನ್ನುವ ನಂಬಿಕೆ ಅದರ ಹಿಂದಿದೆ.

ಗೋಧಿ, ಸಿಹಿ, ಗಸಗಸೆ. ಕೇಳಿದ ಕೂಡಲೇ ನಮ್ಮ ಅವ್ವ ಒಳಗಿಂದ, "ಹುಗ್ಗಿ ಬಿಡ ಯವ್ವಾ!" ಅಂದಳು.

ಹೌದಲ್ವಾ? ಗೋಧಿ ಹುಗ್ಗಿ ನಮ್ಮ ಕಡೆಯ ಜಾತ್ರೆ, ಮದುವೆ, ದಾಸೋಹದ ಅಡುಗೆ. ಕುಟ್ಟಿದ ಗೋಧಿ, ಬೆಲ್ಲ, ಏಲಕ್ಕಿ, ಒಣಕೊಬ್ಬರಿ, ಗಸಗಸೆ, ಮೇಲೆ ತುಪ್ಪ. ಇಷ್ಟು ಹತ್ತಿರದ ಜೋಡಿ ಇನ್ನೊಂದು ಸಿಗಲಿಕ್ಕಿಲ್ಲ. ಹಾಗಾಗಿ ಬೇಕೆಂದೇ ಮೊದಲ ಕರಡನ್ನು ಪೂರ್ತಿ ನಮ್ಮದಾಗಿಸಿ ಬರೆದು ನೋಡೋಣ ಅಂತ ಕೂತೆ. ಕುತ್ಯಾ ಹುಗ್ಗಿ ಆಯಿತು. ಬ್ಲಿನಿ ದೋಸೆ ಆಯಿತು. ಈಸ್ಟರ್‌ಗೆ ಮುಂಚಿನ ವ್ರತ ಉಪವಾಸ ಆಯಿತು. ಮನೆಯ ದೊಡ್ಡ ಒಲೆ ಬರೀ ಒಲೆ ಆಯಿತು.

ಅದನ್ನು ಆಳಂದ ತಾಲೂಕಿನಲ್ಲಿರುವ ಕಾಕಾಗೆ ಕೊಟ್ಟೆ. ಕಾಕಾ ನಿವೃತ್ತ ಮಾಸ್ತರರು. ಕಥೆ ಓದುವುದರಲ್ಲಿ ಗಟ್ಟಿ. ಹೇಗಿದೆ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ನಮ್ಮ ಮನೆಯವರೆಲ್ಲ ಛಲೋ ಅದ ಅಂತಲೇ ಹೇಳುತ್ತಾರೆ. ಕಥೆಯಲ್ಲಿ ಏನಾಯಿತು, ನಿಮ್ಮ ಮಾತಿನಲ್ಲಿ ಹೇಳ್ರಿ ಕಾಕಾ ಅಂದೆ. ಅನುವಾದ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಕಾಕಾ ಹೇಳಿದ್ದು ಹೀಗೆ: "ಮುದುಕಿ ಸತ್ತಾಳ. ಮನ್ಯಾಗ ಹುಗ್ಗಿ ಮಾಡ್ಯಾರ. ಬಂದ ಮಂದಿಗಿ ಒಂದೊಂದ ಚಮಚ ಹಾಕ್ಯಾರ. ಅಲ್ಲವ್ವಾ, ಒಂದ ಚಮಚ ಹುಗ್ಗಿ ಯಾರರ ಹಾಕ್ತಾರೇನು? ಇಷ್ಟ ಜುಗ್ಗರ ಮನಿ ನಾ ಎಲ್ಲೂ ನೋಡಿಲ್ಲ. ಹುಡುಗ ಇನ್ನೊಂದ ಕೇಳಿದ್ದು ಬರೊಬ್ಬರಿ ಅದ."

ಆಮೇಲೆ ಇನ್ನೊಂದು ಕೇಳಿದರು. "ಮುದುಕಿ ಒಲಿ ಮ್ಯಾಲ ಮಲಗ್ತಿದ್ಳು ಅಂತ ಬರ್ದೀಯಲ್ಲ, ಸುಟ್ಕೊಂಡ ಸತ್ಳೇನು?"

ನೋಡಿ, ಒಂದು ಮಾತೂ ಕಾಕಾಗೆ ಹೊಸದಿರಲಿಲ್ಲ. ಎಲ್ಲೂ ಅವರು ಎಡವಲಿಲ್ಲ. ಆದರೆ ಅವರು ಓದಿದ್ದು ಬೇರೆಯೇ ಕಥೆ. ಅಲ್ಲಿ ಸೊಸೆ ಜಿಪುಣಿ, ಅತ್ತೆ ಸುಟ್ಟು ಸತ್ತವಳು.

ಹುಗ್ಗಿಯಲ್ಲಿ ಸಾಮಾನು ಹೊಂದುತ್ತದೆ, ಅಳತೆ ಹೊಂದುವುದಿಲ್ಲ. ಹುಗ್ಗಿಯನ್ನು ಸೌಟಿನಲ್ಲಿ ಸುರಿಯುತ್ತಾರೆ, ಮೇಲೆ ತುಪ್ಪ ಬಿಡುತ್ತಾರೆ, ಸಾಕು ಅಂದರೂ ಬಿಡುವುದಿಲ್ಲ. ಕುತ್ಯಾವನ್ನು ಯಾರೂ ಹೊಟ್ಟೆ ತುಂಬಲು ತಿನ್ನುವುದಿಲ್ಲ. ಒಂದು ಚಮಚ, ಕೆಲವು ಕಡೆ ಮೂರು, ಅಷ್ಟೇ. ಈ ಕಥೆ ನಿಂತಿರುವುದೇ ಆ ಒಂದು ಚಮಚದ ಮೇಲೆ. ಎರಡನೇ ಚಮಚ ಅಲ್ಲಿ ರೀತಿ ಬಿಟ್ಟ ನಡೆ. ಹುಗ್ಗಿ ಅಂತ ಬರೆದರೆ ಒಂದೇ ಚಮಚ ಕೊಟ್ಟದ್ದೇ ರೀತಿ ಬಿಟ್ಟಂತೆ ಆಗುತ್ತದೆ. ಕಥೆ ತಿರುವುಮುರುವು.

ಇದನ್ನು ಕಾಲೇಜಿನಲ್ಲಿ ಹೇಳಿದಾಗ ಯಾದಗಿರಿ ಕಡೆಯ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ನಮ್ಮ ಮನ್ಯಾಗ ಅಜ್ಜನ ಶಿವಗಣಾರಾಧನಿಗಿ ಹುಗ್ಗೀನೇ ಮಾಡಿದ್ವಿ" ಅಂದಳು. ಪಕ್ಕದಲ್ಲಿದ್ದವಳು, ನಮ್ಮಲ್ಲಿ ಸಾವಿನ ಮನೆಯಲ್ಲಿ ಆ ದಿನಗಳಲ್ಲಿ ಸಿಹಿ ಮುಟ್ಟುವುದಿಲ್ಲ ಅಂದಳು. ಅಂದರೆ ಹುಗ್ಗಿ ಅಂದ ಕೂಡಲೇ ಒಬ್ಬಳಿಗೆ ಅಜ್ಜನ ನೆನಪು, ಇನ್ನೊಬ್ಬಳಿಗೆ ಮದುವೆ ಪಂಕ್ತಿ. ಇನ್ನು ಪುಸ್ತಕ ಮೈಸೂರಿಗೆ ಹೋದರೆ ಅಲ್ಲಿ ಹುಗ್ಗಿ ಅಂದರೆ ಅಕ್ಕಿ, ಹೆಸರುಬೇಳೆಯ ಪೊಂಗಲ್. ನಮ್ಮದಾಗಿಸುವುದು ಅಂತ ಹೇಳುವಾಗ ಯಾರದಾಗಿಸುವುದು ಅನ್ನುವ ಪ್ರಶ್ನೆ ನನಗೆ ಅಲ್ಲಿಯವರೆಗೆ ಇಷ್ಟು ಚುಚ್ಚಿರಲಿಲ್ಲ.

ಕನ್ನಡದಲ್ಲಿ ನಮ್ಮದಾಗಿಸುವ ದಾರಿ ಹೊಸದೇನಲ್ಲ. ಕುವೆಂಪು ಹ್ಯಾಮ್ಲೆಟನನ್ನು ಬಿದನೂರಿಗೆ ಕರೆತಂದು ‘ರಕ್ತಾಕ್ಷಿ’ ಬರೆದರು. ಬಿಎಂಶ್ರೀ ಗ್ರೀಕರ ಏಜಾಕ್ಸ್‌ನಲ್ಲಿ ಅಶ್ವತ್ಥಾಮನನ್ನು ಕಂಡರು. ಅವು ಇವತ್ತಿಗೂ ನಿಂತಿವೆ. ಯಾಕೆಂದರೆ ಅಲ್ಲಿ ಊರು, ದೇವರು, ಹೆಸರು, ರಾಜ್ಯ ಎಲ್ಲವೂ ಒಟ್ಟಿಗೆ ಬಂದವು. ನನ್ನ ಕರಡಿನಲ್ಲಿ ಅಡುಗೆ ಮಾತ್ರ ಕಲಬುರಗಿಗೆ ಬಂತು, ಹಿಮ ಅಲ್ಲೇ ಉಳಿಯಿತು. ಮಾರ್ಯಾ ಅನ್ನುವ ಹೆಂಗಸು ಮೊಣಕಾಲುದ್ದ ಹಿಮ ದಾಟಿ ಬಂದು ಹುಗ್ಗಿ ತಿನ್ನುತ್ತಾಳೆ. ಪೂರ್ತಿ ತರುವುದಾದರೆ ಆಳಂದದಲ್ಲಿ ಹಿಮ ಬೀಳಿಸಬೇಕು, ಇಲ್ಲ ಕಥೆಯಿಂದ ಚಳಿಗಾಲವನ್ನೇ ಕಿತ್ತು ಹಾಕಬೇಕು. ಅದು ರೂಪಾಂತರ. ನನಗೆ ಕೊಟ್ಟ ಕೆಲಸ ಅದಾಗಿರಲಿಲ್ಲ.

ಹಾಗಾಗಿ ಎರಡನೇ ಕರಡಿನಲ್ಲಿ ಪೂರ್ತಿ ಆ ಕಡೆಯ ದಂಡೆಗೆ ಹೋದೆ. ಕುತ್ಯಾ, ಬ್ಲಿನಿ, ಸ್ಮೆತಾನಾ, ಕ್ವಾಸ್, ಪೇಚ್ ಅನ್ನುವ ಒಲೆ, ಮಾಸ್ಲೆನಿತ್ಸಾ ಅನ್ನುವ ಹಬ್ಬದ ವಾರ, ಎಲ್ಲವೂ ಇದ್ದಂತೆಯೇ ಬಂದವು. ಪುಟಕ್ಕೆ ಮೂರು ನಾಲ್ಕು ಅಡಿಟಿಪ್ಪಣಿ. ಜರ್ಮನಿಯ ಶ್ಲೈಯರ್‌ಮಾಖರ್ 1813ರಲ್ಲಿ ಬರ್ಲಿನ್‌ನಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದ. ಅನುವಾದಕನಿಗೆ ಎರಡೇ ದಾರಿ, ಬರೆದವನನ್ನು ಇದ್ದಲ್ಲೇ ಬಿಟ್ಟು ಓದುಗನನ್ನು ಅವನ ಹತ್ತಿರ ಕರೆದೊಯ್ಯುವುದು, ಇಲ್ಲವೇ ಓದುಗನನ್ನು ಇದ್ದಲ್ಲೇ ಬಿಟ್ಟು ಬರೆದವನನ್ನು ಕರೆತರುವುದು ಅಂತ ಅವನ ಮಾತು. ಅವನ ಒಲವು ಮೊದಲನೆಯ ದಾರಿಗೆ. 1995ರಲ್ಲಿ ಅಮೆರಿಕದ ಲಾರೆನ್ಸ್ ವೆನುಟಿ ಅದನ್ನೇ ಹಿಡಿದು, ಸಲೀಸಾಗಿ ಓದಿಸುವ ಇಂಗ್ಲಿಷ್ ಅನುವಾದಗಳು ಪರದೇಶದ ಬರಹದ ಗುರುತನ್ನೇ ಅಳಿಸುತ್ತವೆ ಅಂತ ದೊಡ್ಡ ತಕರಾರು ತೆಗೆದ. ತರಗತಿಯಲ್ಲಿ ಇದನ್ನೆಲ್ಲ ನಾನೇ ಪಾಠ ಮಾಡುತ್ತೇನೆ. ಆದರೆ ವೆನುಟಿ ಜಗಳ ಆಡುತ್ತಿದ್ದದ್ದು ಇಂಗ್ಲಿಷ್ ಅನ್ನುವ ದೊಡ್ಡ ಭಾಷೆಯ ಜೊತೆ. ಕನ್ನಡದ ಓದುಗ ಪರದೇಶದ ಹೆಸರು ಕಂಡರೆ ಓಡುವವನಲ್ಲ. ಹೊರಗಿನ ಹೆಸರುಗಳ ಜೊತೆಗೇ ಬೆಳೆದವನು. ಅವನಿಗೆ ಕಷ್ಟ ಆಗುವುದು ಬೇರೆ ಕಡೆ.

ಎಲ್ಲಿ ಅನ್ನುವುದು ಈ ಮಾತುಕತೆಯಲ್ಲಿ ಇಲ್ಲದಿದ್ದ ಇನ್ನೊಬ್ಬ ವಿದ್ಯಾರ್ಥಿನಿ ಓದಿದಾಗ ಗೊತ್ತಾಯಿತು. ಅವಳು ಮೊಬೈಲಿನಲ್ಲಿ ಓದಿದಳು. ಅಲ್ಲಿ ಟಿಪ್ಪಣಿಗಳೆಲ್ಲ ಕಥೆ ಮುಗಿದ ಮೇಲೆ ಒಟ್ಟಿಗೆ ಬರುತ್ತವೆ. ಅವಳು ಅವನ್ನು ಮುಟ್ಟಲೇ ಇಲ್ಲ. ಕಥೆ ಹೇಳು ಅಂದರೆ ಕುತ್ಯಾ ಯಾವುದೋ ಔಷಧಿ ಇರಬೇಕು ಅಂದಳು. ಒಂದೇ ಚಮಚ ಕೊಡುತ್ತಾರಲ್ಲ ಮೇಡಂ! ತರ್ಕ ಸರಿಯಾಗೇ ಇತ್ತು. ಇತ್ತ ಕಾಕಾ ಕಾಗದದ ಮೇಲೆ ಓದಿದರು, ಒಂದು ಟಿಪ್ಪಣಿಯನ್ನೂ ಬಿಡಲಿಲ್ಲ. ಸೊಸೆ ಹುಡುಗನ ಕೈ ಹಿಡಿಯುವ ಸಾಲಿನಲ್ಲೇ ಒಂದು ಅಂಕಿ ಇತ್ತು. ಕಾಕಾ ಅಲ್ಲಿ ಕೆಳಗಿಳಿದು, ಗೋಧಿ ಕಾಳಿನ ಅರ್ಥ ಓದಿ, ಮೇಲೆ ಬರುವಷ್ಟರಲ್ಲಿ ಸೊಸೆ ಅತ್ತು ಮುಗಿಸಿದ್ದಳು. "ಮಾಹಿತಿ ಛಲೋ ಅದ ನೋಡವ್ವಾ" ಅಂದರು. ಕಥೆ ಬಗ್ಗೆ ಏನೂ ಹೇಳಲಿಲ್ಲ.

ಆಮೇಲೆ ಅಡುಗೆಮನೆಗೆ ಹೋದೆ. ತಮಾಷೆಗಲ್ಲ. ವಿವರಿಸಬೇಕಾದರೆ ಅದು ಕಣ್ಣಿಗೆ ಹೇಗೆ ಕಾಣುತ್ತದೆ, ಬಾಯಲ್ಲಿ ಹೇಗಿರುತ್ತದೆ ಅಂತ ಗೊತ್ತಿರಬೇಕು. ಸೂಪರ್ ಮಾರ್ಕೆಟ್ ಕಡೆಯ ಕಿರಾಣಿ ಅಂಗಡಿಯಿಂದ ಇಡೀ ಗೋಧಿ ತಂದು ರಾತ್ರಿ ನೆನೆಹಾಕಿದೆ. ತೆರೆದ ಪಾತ್ರೆಯಲ್ಲಿ ಎರಡು ತಾಸಿನ ಹತ್ತಿರ ಬೇಯಿಸಿದ ಮೇಲೆ ಕಾಳು ಒಡೆಯಿತು. ಆದರೆ ಹುಗ್ಗಿಯಂತೆ ಕರಗಲಿಲ್ಲ. ಒಂದೊಂದೇ ಕಾಳು ಬಿಡಿಬಿಡಿ, ಮೇಲೆ ಜೇನಿನ ಹೊಳಪು. ತುಪ್ಪ ಇಲ್ಲ, ಹಾಲಿಲ್ಲ. ಅಗಿದೇ ತಿನ್ನಬೇಕು. ಒಂದು ಚಮಚ ಅಗಿಯುವಷ್ಟರಲ್ಲಿ ಸುತ್ತಲಿನ ಮಾತು ತಾನೇ ನಿಲ್ಲುತ್ತದೆ. ಕಥೆಯಲ್ಲಿ ಬಟ್ಟಲು ಸುತ್ತುವಾಗ ಯಾರೂ ಮಾತಾಡುವುದಿಲ್ಲ ಅನ್ನುವ ಸಾಲಿದೆ. ಅದು ಬರೀ ದುಃಖದ ಮೌನ ಅಂದುಕೊಂಡಿದ್ದೆ, ಬಾಯಿ ತುಂಬಿದ ಮೌನವೂ ಹೌದು.

ಗಸಗಸೆಯ ವಿಷಯವೂ ಅಲ್ಲೇ ತಿಳಿಯಿತು. ಕಥೆಯಲ್ಲಿ ಕಾಳಿನ ಮೇಲೆ ಕಪ್ಪು ಚುಕ್ಕೆಗಳಿವೆ. ನನ್ನ ಬಟ್ಟಲಲ್ಲಿ ಚುಕ್ಕೆಯೇ ಕಾಣಲಿಲ್ಲ. ನಮ್ಮಲ್ಲಿ ಸಿಗುವುದು ಬಿಳಿ ಗಸಗಸೆ, ಅಲ್ಲಿಯದು ನೀಲಿ ಮಿಶ್ರಿತ ಬೂದು. ಬರೀ ಗಸಗಸೆ ಅಂದರೆ ಓದುಗ ಬಿಳಿ ಕಾಣುತ್ತಾನೆ, ಬರೀ ಕಪ್ಪು ಕಾಳು ಅಂದರೆ ಎಳ್ಳು ಅಂದುಕೊಳ್ಳುತ್ತಾನೆ. ನಮ್ಮಲ್ಲಿ ಎಳ್ಳಿಗೂ ತೀರಿಕೊಂಡವರಿಗೂ ಬೇರೆಯೇ ಸಂಬಂಧ. ಎಳ್ಳುನೀರು ಬಿಡುವುದು ನೆನಪಾದರೆ ಮುಗಿಯಿತು, ರಷ್ಯಾದ ಮನೆಯಲ್ಲಿ ತರ್ಪಣ ಶುರುವಾಗುತ್ತದೆ. ‘ಕಪ್ಪು ಗಸಗಸೆ’ ಅಂತ ಎರಡು ಪದ ಬರೆದೆ. ತಕರಾರು ತೀರಿತು.

ಮೂರನೇ ಕರಡಿಗೆ ಕೂತಾಗ ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಕೇಳಿಕೊಂಡೆ. ಓದುಗ ಇದನ್ನು ತಪ್ಪಾಗಿ ಕಂಡರೆ ಕಥೆಯಲ್ಲಿ ಏನು ಕೆಡುತ್ತದೆ? ಏನೂ ಕೆಡುವುದಿಲ್ಲ ಅಂದರೆ ಅದಕ್ಕೆ ಸಮಯ ಕೊಡುವುದು ಬೇಡ. ಕ್ವಾಸ್ ಮೂಲೆಯಲ್ಲಿ ಒಂದು ಹೂಜಿಯಲ್ಲಿದೆ, ಯಾರೂ ಕುಡಿಯುವುದಿಲ್ಲ. ‘ಕ್ವಾಸ್ ತುಂಬಿದ ಹೂಜಿ’ ಅಂದೆ, ಕುಡಿಯುವುದು ಏನೋ ಅಂತ ತಿಳಿದರೆ ಸಾಕು. ಸ್ಮೆತಾನಾವನ್ನು ‘ಹುಳಿ ಕೆನೆ’ ಮಾಡಿದೆ. ಹೆಸರಿಗಾಗಿ ಅಳುವವರು ಯಾರೂ ಇಲ್ಲ. ಉಳಿದದ್ದು ನಾಲ್ಕು: ಕುತ್ಯಾ, ಬ್ಲಿನಿ, ಆ ಹಬ್ಬದ ವಾರ, ಒಲೆ. ಇವು ಕೆಟ್ಟರೆ ಕಥೆ ಕೆಡುತ್ತದೆ.

ಒಲೆ ಸುಲಭ ಇತ್ತು. ರಷ್ಯಾದ ಹಳ್ಳಿಯ ಒಲೆ ಕೋಣೆಯ ಕಾಲುಭಾಗ ನುಂಗುವ ಇಟ್ಟಿಗೆ ಕಟ್ಟಡ. ಒಳಗೆ ಬೆಂಕಿ, ಮೇಲೆ ಮಲಗುವಷ್ಟು ಜಾಗ. ಚಳಿಗಾಲದಲ್ಲಿ ಮುದುಕರು, ಮಕ್ಕಳು ಮಲಗುವುದೇ ಅದರ ಮೇಲೆ. ಕಥೆಯಲ್ಲಿ ಒಲೆ ಮೊದಲು ಕಾಣುವ ಕಡೆ, ‘ಒಲೆಯ ಇಟ್ಟಿಗೆಯ ಅಟ್ಟದ ಮೇಲೆ ಮುದುಕಿಯ ಹಾಸಿಗೆ ಇನ್ನೂ ಸುತ್ತಿಟ್ಟ ಹಾಗೇ ಇತ್ತು, ಕೆಳಗೆ ಬೆಂಕಿ ಇದ್ದದ್ದರಿಂದ ಮುಟ್ಟಿದರೆ ಬೆಚ್ಚಗಿತ್ತು’ ಅಂತ ಬರೆದೆ. ಹಾಸಿಗೆ ಮೂಲದಲ್ಲೇ ಇದೆ. ಅಟ್ಟ ಮತ್ತು ಬೆಚ್ಚಗೆ ಅನ್ನುವುದು ನಾನು ಸೇರಿಸಿದ್ದು. ಕಲಬುರಗಿಯ ಮೇ ತಿಂಗಳಲ್ಲಿ ಕೂಲರ್ ಮುಂದೆ ಕೂತು ಬೆಚ್ಚಗಿನ ಹಾಸಿಗೆಯ ಸುಖ ಬರೆಯುವುದು ಬೇರೆ ಕಷ್ಟ, ಬಿಡಿ.

ಬ್ಲಿನಿ ಕಷ್ಟ ಕೊಟ್ಟಿತು. ಅದು ಹಿಟ್ಟನ್ನು ಹುಳಿ ಬರಿಸಿ ಬಾಣಲೆಯಲ್ಲಿ ತೆಳ್ಳಗೆ ಹುಯ್ದು ಬೆಣ್ಣೆ ಹಚ್ಚಿ ತಿನ್ನುವ ತಿಂಡಿ. ಈ ಕಥೆಯಲ್ಲಿ ಅದಕ್ಕೆ ಎರಡು ಮುಖ. ಸಾವಿನ ಊಟದಲ್ಲೂ ಬ್ಲಿನಿ ಇರಬೇಕು, ಮಾಸ್ಲೆನಿತ್ಸಾ ಹಬ್ಬದಲ್ಲೂ ಬ್ಲಿನಿಯೇ ರಾಜ. ಮುದುಕಿಯ ನಲವತ್ತನೇ ದಿನ ಬಿದ್ದಿರುವುದು ಆ ಹಬ್ಬದ ವಾರದಲ್ಲೇ. ಹೊರಗೆ ಹುಡುಗರು ಹಿಮದ ಗುಡ್ಡದಿಂದ ಜಾರುತ್ತಾ ಕೂಗುತ್ತಿದ್ದಾರೆ, ಪಕ್ಕದ ಮನೆಯಿಂದಲೂ ಅದೇ ಬ್ಲಿನಿಯ ವಾಸನೆ ಬರುತ್ತಿದೆ. ಒಂದೇ ವಾಸನೆ, ಅಲ್ಲಿ ಹಬ್ಬ, ಇಲ್ಲಿ ಸಾವು. ದೋಸೆ ಅಂತ ಬರೆದರೆ ಎರಡೂ ಹೋಗಿ ಹೋಟೆಲಿನ ಬೆಳಗಿನ ತಿಂಡಿ ಮಾತ್ರ ಉಳಿಯುತ್ತದೆ.

ಹಾಗಾದರೆ ‘ದೋಸೆಯಂಥ ಬ್ಲಿನಿ’ ಅನ್ನೋಣವೇ? ಹೆಸರೂ ಉಳಿಯಿತು, ಓದುಗನಿಗೂ ತಿಳಿಯಿತು. ನಾನು ಹಾಗೇ ಬರೆದಿದ್ದೆ. ನಮ್ಮ ಡಾಕ್ಟರಮ್ಮ ಓದಿ ನಕ್ಕಳು. "ಅಕ್ಕ, ಆ ಹಳ್ಳ್ಯಾಗ ದೋಸಿ ಯಾರ ನೋಡ್ಯಾರ?" ಅಂದಳು. ಮಾತು ಚಿಕ್ಕದು, ಆದರೆ ನಾನು ಓದಿದ ಅನುವಾದ ಶಾಸ್ತ್ರದ ಪುಸ್ತಕಗಳಿಗಿಂತ ಅದು ಹೆಚ್ಚು ಕೆಲಸಕ್ಕೆ ಬಂತು. ಕಥೆ ಹೇಳುತ್ತಿರುವವನು ಆ ಹಳ್ಳಿಯವನು. ಅವನ ಬಾಯಲ್ಲಿ ದೋಸೆ ಬಂದ ಕೂಡಲೇ ಅವನು ಆ ಹಳ್ಳಿಗೆ ಬಂದ ಪ್ರವಾಸಿ ಆಗಿಬಿಡುತ್ತಾನೆ. ಮನೆಯ ಒಳಗಿದ್ದವನು ಕಿಟಕಿಯಾಚೆ ನಿಂತು ನೋಡಿದ ಹಾಗೆ ಆಗುತ್ತದೆ. ಹೋಲಿಕೆ ಬೇಕಾದರೂ ಅದು ಅವನಿಗೆ ಗೊತ್ತಿರುವ ವಸ್ತುವಿನದೇ ಆಗಿರಬೇಕು.

ಕೊನೆಗೆ ಹೋಲಿಕೆ ಬಿಟ್ಟು ಕೆಲಸ ಹಿಡಿದೆ. ಮೂಲದಲ್ಲಿ ಸೊಸೆ ಬೆಳಿಗ್ಗೆಯಿಂದ ಬ್ಲಿನಿ ಮಾಡಿದಳು ಅಂತ ಒಂದೇ ಸಾಲು. ನಾನು ಬರೆದದ್ದು: ‘ರಾತ್ರಿ ಹುಳಿ ಬರಿಸಿದ ಹಿಟ್ಟನ್ನು ಸೌಟಿನಿಂದ ಎತ್ತಿ ಕಾದ ಬಾಣಲೆಗೆ ಹುಯ್ದಳು. ಬ್ಲಿನಿ ತೆಳ್ಳಗೆ ಹರಡಿತು, ಅಂಚು ಕೆಂಪಾಯಿತು. ಬೆಣ್ಣೆ ಸವರಿ ಒಂದರ ಮೇಲೊಂದು ಪೇರಿಸಿದಳು.’ ದೋಸೆಯ ಹೆಸರಿಲ್ಲ. ಆದರೆ ದೋಸೆ ಹುಯ್ದ ಕೈ ಇದನ್ನು ಓದಿದರೆ ಬೇರೆ ವಿವರಣೆ ಬೇಕಿಲ್ಲ. ರಷ್ಯಾದ ಓದುಗನ ತಲೆಯಲ್ಲಿ ಮೊದಲೇ ಇದ್ದ ಚಿತ್ರವನ್ನು ನಮ್ಮ ಓದುಗನಿಗೆ ಕಟ್ಟಿಕೊಟ್ಟೆ, ಅಷ್ಟೇ.

ಈ ಉಪಾಯವನ್ನು ಎಲ್ಲ ಕಡೆ ಬಳಸುವಂತಿಲ್ಲ. ಇಂಥ ಸಾಲುಗಳು ಮೂರು ನಾಲ್ಕಾದ ಕೂಡಲೇ ಕಥೆ ಅಡುಗೆ ಪುಸ್ತಕ ಆಗುತ್ತದೆ. ಸೇರಿಸುವ ಜಾಗವೂ ಮುಖ್ಯ. ಕಥೆ ಇನ್ನೂ ನಿಧಾನವಾಗಿ ನಡೆಯುತ್ತಿರುವಾಗ, ವಸ್ತು ಮೊದಲು ಕಾಣುವಾಗ ಸೇರಿಸಬೇಕು. ಬಟ್ಟಲು ಕೈಯಿಂದ ಕೈಗೆ ಹೋಗುವ ಹೊತ್ತಿಗೆ ಎಲ್ಲ ತಿಳಿದಿರಬೇಕು. ಹಾಗಾಗಿ ಕುತ್ಯಾದ ವಿವರವನ್ನು ಆ ದೃಶ್ಯದಿಂದ ತೆಗೆದು, ಒಂದು ಪುಟ ಹಿಂದೆ ಸೊಸೆ ಅಡುಗೆ ಮಾಡುವ ಕಡೆ ಇಟ್ಟೆ. ಅಲ್ಲಿ ಅವಳು ಗೋಧಿಗೆ ಜೇನು ಬೆರೆಸಿ, ಬಂದವರ ತಲೆ ಎಣಿಸಿ, ತಲೆಗೊಂದು ಚಮಚದಂತೆ ಲೆಕ್ಕ ಹಾಕಿ ಬಟ್ಟಲಿಗೆ ಹಾಕುತ್ತಾಳೆ. ತಲೆ ಎಣಿಸುವುದು ಮೂಲದಲ್ಲಿಲ್ಲ. ಇದನ್ನು ಸೇರಿಸಲು ನನಗೆ ಧೈರ್ಯ ಸಾಲಲಿಲ್ಲ, ಕೆಲವು ದಿನ ಇಟ್ಟು ತೆಗೆದು ಮಾಡಿದೆ. ಕೊನೆಗೆ ಸಂಪಾದಕರಿಗೆ ಹೇಳಿಯೇ ಇಟ್ಟೆ.

ವ್ರತದ ವಿಷಯದಲ್ಲಿ ಇನ್ನೊಂದು ಗುಂಡಿ ಇತ್ತು. ಮಾಸ್ಲೆನಿತ್ಸಾ ಮುಗಿದ ಸೋಮವಾರದಿಂದ ಈಸ್ಟರ್‌ವರೆಗೆ ಏಳು ವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಹಬ್ಬದ ವಾರದಲ್ಲಿ ಮಾಂಸ ಆಗಲೇ ನಿಂತಿರುತ್ತದೆ, ಹಾಲು ಬೆಣ್ಣೆ ಮಾತ್ರ ನಡೆಯುತ್ತದೆ. ಅದಕ್ಕೇ ಆ ವಾರ ಬೆಣ್ಣೆಯ ಹೊಳೆ. ಇದನ್ನು ಉಪವಾಸ ಅಂತ ಬರೆದರೆ ನಮ್ಮ ಓದುಗ ಶಿವರಾತ್ರಿಯ ಹಾಲು ಹಣ್ಣು ನೆನೆಯುತ್ತಾನೆ, ಇಲ್ಲವೇ ಹಗಲೆಲ್ಲ ಬಾಯಿ ಕಟ್ಟುವ ರೋಜಾ. ಎರಡೂ ಅಲ್ಲ. ಹಾಲೇ ನಿಷಿದ್ಧವಾದ ಉಪವಾಸ ನಮಗೆ ಹೊಸದು.

ಮೊದಲು ಇದನ್ನು ಪಾತ್ರದ ಬಾಯಲ್ಲಿ ಹೇಳಿಸಿ ನೋಡಿದೆ. ‘ಸೋಮವಾರದಿಂದ ಏಳು ವಾರ ನಾವು ಹಾಲು ಬೆಣ್ಣೆ ತಿನ್ನುವಂತಿಲ್ಲ ಅಲ್ಲವೇ’ ಅಂತ ನೆರೆಯವಳು ಹೇಳುತ್ತಾಳೆ. ಜೋರಾಗಿ ಓದಿದ ಕೂಡಲೇ ಸುಳ್ಳು ಅನಿಸಿತು. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಗೊತ್ತಿರುವವರಿಗೆ ಯಾರೂ ಹೇಳುವುದಿಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತೇವೆ ಅಲ್ವಾ ಅಂತ ನಮ್ಮ ಅವ್ವ ಕಾಕಿಗೆ ಹೇಳಿದರೆ ಹೇಗಿರುತ್ತದೆ? ಅನುವಾದದಲ್ಲಿ ಇಂಥ ಮಾತು ಕಂಡರೆ ಅದು ಪಾತ್ರದ್ದಲ್ಲ, ಅನುವಾದಕರದ್ದು ಅಂತ ಗುರುತು ಹಿಡಿಯಬಹುದು. ಅದನ್ನು ಕಿತ್ತು ಹಾಕಿ, ಸೊಸೆ ಬೆಣ್ಣೆಯ ಗಡಿಗೆಯನ್ನು ಕೆರೆಯುವ ಕಡೆ ಒಂದು ಸಾಲು ಇಟ್ಟೆ: ‘ಸೋಮವಾರ ಬಂದರೆ ಈಸ್ಟರ್‌ವರೆಗೆ ಏಳು ವಾರ ಮನೆಯಲ್ಲಿ ಹಾಲು, ಬೆಣ್ಣೆ, ಮೊಟ್ಟೆ ಮುಟ್ಟುವಂತಿಲ್ಲ. ಗಡಿಗೆ ಖಾಲಿ ಮಾಡಲೇಬೇಕಿತ್ತು.’ ಉಪವಾಸ ಅನ್ನುವ ಮಾತೇ ಬರಲಿಲ್ಲ.

ಏನೂ ವಿವರಿಸದೆ ಬಿಟ್ಟದ್ದೂ ಇದೆ. ನಲವತ್ತನೇ ದಿನ. ಮೊದಲ ಕರಡಿನಲ್ಲಿ ಇದಕ್ಕೊಂದು ಉದ್ದ ವಿವರಣೆ ಇತ್ತು. ನಮ್ಮ ಪಕ್ಕದ ಮನೆಯ ಆಪಾಗೆ ಕಥೆ ಬಾಯಲ್ಲಿ ಹೇಳುತ್ತಿದ್ದೆ. ನಲವತ್ತನೇ ದಿನ ಅಂದ ಕೂಡಲೇ ಅವರು "ಹಾಂ, ಚಾಲೀಸ್ವಾ" ಅಂದು ಮುಂದಿನದಕ್ಕೆ ಕಿವಿಕೊಟ್ಟರು. ಅವರಲ್ಲಿ ಮೂರನೇ ದಿನ ಜಿಯಾರತ್, ಆಮೇಲೆ ನಲವತ್ತನೇ ದಿನದ ಫಾತಿಹಾ. ಕಲಬುರಗಿಯಲ್ಲಿ ಬೆಳೆದವರಿಗೆ, ಯಾವ ಜಾತಿಯವರೇ ಇರಲಿ, ನೆರೆಮನೆಯ ಚಾಲೀಸ್ವಾದ ಊಟ ಗೊತ್ತಿರುತ್ತದೆ. ಉಳಿದವರಿಗೂ ಹನ್ನೊಂದು, ಹದಿಮೂರು ಅಂತ ದಿನದ ಲೆಕ್ಕ ರೂಢಿಯಲ್ಲಿದೆ. ಸತ್ತವರಿಗೆ ದಿನ ಎಣಿಸುವ ಜನಕ್ಕೆ ದಿನ ಎಣಿಸುವುದನ್ನು ವಿವರಿಸುವುದು ಯಾಕೆ? ವಿವರಣೆ ಹೊಡೆದುಹಾಕಿದೆ.

ವೋಡ್ಕಾ ಲೋಟವೂ ಹಾಗೇ. ಸತ್ತವಳ ಹೆಸರಿನಲ್ಲಿ ಒಂದು ಸಣ್ಣ ಲೋಟ ವೋಡ್ಕಾ, ಅದರ ಮೇಲೆ ಒಂದು ತುಂಡು ಕರಿ ರೊಟ್ಟಿ ಮುಚ್ಚಿ ಇಡುತ್ತಾರೆ. ಸಂಪಾದಕರು ಇಲ್ಲಿ ಹೆದರಿದರು. ಸಾವಿನ ಮನೆಯಲ್ಲಿ ಹೆಂಡ, ಅದೂ ಅಜ್ಜಿಗೆ, ನಮ್ಮ ಓದುಗರು ಏನಂದುಕೊಂಡಾರು, ನೀರು ಅಂತ ಬರೆಯೋಣವೇ ಅಂದರು. ನಾನು ಒಪ್ಪಲಿಲ್ಲ. ಹಿರಿಯರಿಗೆ ಎಡೆ ಇಡುವಾಗ ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನು, ಸೆರೆಯೂ ಸೇರಿ, ಇಡುವ ಮನೆಗಳು ನಮ್ಮ ಸುತ್ತಲೇ ಇವೆ. ಇಂಥ ಕಡೆ ನಮ್ಮದಾಗಿಸುವುದು ಅಂದರೆ ಬರೀ ಕೆಲವು ಮನೆಗಳದ್ದಾಗಿಸುವುದು. ಸಂಪಾದಕರು ಎರಡು ಸಲ ಫೋನ್ ಮಾಡಿ ಆಮೇಲೆ ಸುಮ್ಮನಾದರು. ವೋಡ್ಕಾ ಉಳಿಯಿತು.

ಒಂದು ಕಡೆ ಮಾತ್ರ ಕನ್ನಡದ ಕೈ ಇಂಗ್ಲಿಷಿಗಿಂತ ಮೇಲಾಯಿತು. ರಷ್ಯನ್‌ನಲ್ಲಿ ನಮ್ಮಂತೆಯೇ ನೀನು, ನೀವು ಬೇರೆ ಬೇರೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ತಂಗಿ ಮೂಲ ನೋಡಿ ಹೇಳಿದಳು, ಸೊಸೆ ಅತ್ತೆಗೆ ಉದ್ದಕ್ಕೂ ನೀವು ಅನ್ನುತ್ತಾಳೆ, ಕೊನೆಯಲ್ಲಿ ಅಳುವಾಗ ಒಂದೇ ಸಲ ನೀನು ಅನ್ನುತ್ತಾಳೆ. ಎರಡು ಇಂಗ್ಲಿಷ್ ಅನುವಾದಗಳಲ್ಲೂ ಅದರ ಸುಳಿವಿಲ್ಲ. ಕನ್ನಡದಲ್ಲಿ ಏನೂ ವಿವರಿಸದೆ ಹಾಗೇ ಬಂತು.

ಮೂರನೇ ಕರಡು ಓದಿದ ಕಾಕಾ ಈ ಸಲ ಕಥೆ ಹೇಳಿದ್ದು ಬೇರೆ ರೀತಿ. "ಸೊಸಿ ತಲಿ ಎಣಿಸಿ ಹಾಕ್ಯಾಳ. ಹುಡುಗನ ಎರಡನೇ ಚಮಚ ಅಕಿ ಲೆಕ್ಕದಾಗ ಇರಲಿಲ್ಲ. ಅದು ಮುದುಕಿ ಪಾಲು" ಅಂದರು. ಮುದುಕಿಯ ಪಾಲು ಅನ್ನುವುದು ಕಥೆಯಲ್ಲಿ ಎಲ್ಲೂ ಇಲ್ಲ. ನಾನು ತಲೆ ಎಣಿಸಿದ್ದರಿಂದ ಹುಟ್ಟಿದ ಅರ್ಥ ಅದು. ಚೆನ್ನಾಗಿದೆ, ಆದರೆ ಅದು ಮೂಲದ್ದೋ ನನ್ನದೋ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ತಂಗಿಗೆ ಈಗಲೂ ಆ ಸಾಲಿನ ಮೇಲೆ ಸಿಟ್ಟಿದೆ. ಸಂಪಾದಕರಿಗೆ ಅದೇ ಇಷ್ಟ.

ನನ್ನ ಪಾಲಿನ ಎರಡನೇ ಕಥೆ ಈಗ ಮೇಜಿನ ಮೇಲಿದೆ. ಅದು ನಗೆಯ ಕಥೆ. ಒಬ್ಬ ವ್ಯಾಪಾರಿ ಹಬ್ಬದ ವಾರದಲ್ಲಿ ತಿನ್ನುತ್ತಲೇ ಹೋಗುತ್ತಾನೆ, ತಿಂಡಿಗಳ ಪಟ್ಟಿ ಅರ್ಧ ಪುಟ ಇದೆ. ಅಲ್ಲಿ ಯಾವ ಮೀನು, ಯಾವ ಕಡುಬು ಅನ್ನುವುದು ಮುಖ್ಯವಲ್ಲ, ಪಟ್ಟಿ ಒಂದೇ ಉಸಿರಿನಲ್ಲಿ ಓಡಬೇಕು. ರಷ್ಯನ್ ಹೆಸರುಗಳನ್ನೇ ಇಟ್ಟರೆ ಓದುಗ ಪ್ರತಿ ಹೆಸರಿಗೂ ನಿಂತು ನಿಂತು ಹೋಗುತ್ತಾನೆ, ನಗು ಬರುವುದಿಲ್ಲ. ಅಲ್ಲಿ ಅರ್ಧಕ್ಕರ್ಧ ಹೆಸರು ತೆಗೆದು ಹುರಿದ ಮೀನು, ಮೀನಿನ ಮೊಟ್ಟೆ, ಅಣಬೆ ಉಪ್ಪಿನಕಾಯಿ ಅಂತ ಬರೆಯುತ್ತಿದ್ದೇನೆ. ಬ್ಲಿನಿ ಮಾತ್ರ ಬ್ಲಿನಿಯೇ. ಮೊದಲ ಕಥೆ ಓದಿ ಬಂದವರಿಗೆ ಈಗ ಅದು ಗೊತ್ತಿರುತ್ತದೆ. ಹಾಗಾಗಿ ಪುಸ್ತಕದಲ್ಲಿ ಈ ಎರಡು ಕಥೆಗಳು ಇದೇ ಕ್ರಮದಲ್ಲಿ ಬರಲಿ ಅಂತ ಸಂಪಾದಕರಿಗೆ ಬರೆದಿದ್ದೇನೆ.